ನಲವತ್ತೇ ಬಾಕ್ಸ್, ಮನೆಗೆರಡೇ

ಚಿಕ್ಕಪ್ಪನ ಮಾವಿನ ತೋಟ ಇರುವುದು ರಾಮನಗರದ ಹತ್ತಿರ. ಮೇ ಬಂತೆಂದರೆ ಒಂದಷ್ಟು ಬಾದಾಮಿಯನ್ನು ಮಂಡಿಗೆ ಹಾಕದೆ ನಮ್ಮ ಅಪಾರ್ಟ್‌ಮೆಂಟಿನವರಿಗೇ ಮಾರುತ್ತಾರೆ. ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕುವ ಫೋಟೋ ಅವರದು, ಅದರ ಕೆಳಗಿನ ಬರಹ ನನ್ನದು. ಈ ಸಲ ಬರೆದದ್ದು ಇಷ್ಟು:

"ಹುಲ್ಲಿನಲ್ಲಿ ಹಣ್ಣು ಮಾಡುವ ಬಾದಾಮಿ, ಕಾರ್ಬೈಡ್ ಇಲ್ಲ. 3 ಕೆಜಿ ಬಾಕ್ಸ್ 600 ರೂ. ಒಟ್ಟು 40 ಬಾಕ್ಸ್, ಮನೆಗೆ 2 ಮಾತ್ರ. ಬುಕಿಂಗ್ ಬುಧವಾರ ರಾತ್ರಿ 9ರವರೆಗೆ. ಶನಿವಾರ ಸಂಜೆ 4ರಿಂದ 7, ಗೇಟಿನ ಹತ್ತಿರ ಬಂದು ತಗೊಳ್ಳಿ. ಪೂರ್ತಿ ಹಣ ಯುಪಿಐನಲ್ಲಿ, ಜೊತೆಗೆ ಫ್ಲಾಟ್ ನಂಬರ್ ಬರೆಯಿರಿ. ದುಡ್ಡು ಬಂದರೇ ಬುಕಿಂಗ್."

ಚಿಕ್ಕಪ್ಪನಿಗೆ ಇದು ಪೊಲೀಸ್ ಠಾಣೆಯ ಬೋರ್ಡ್ ತರ ಕಂಡಿತು. "ಒಂದು ನಗು ಮುಖನಾದ್ರೂ ಹಾಕೋ" ಅಂದರು. ಹಾಕಿದೆ. ಆದರೆ ಒಂದೊಂದು ಸಾಲಿನ ಹಿಂದೆಯೂ ಹೋದ ವರ್ಷದ ಒಂದೊಂದು ಜಗಳ ಇದೆ.

ಫ್ಲಾಟ್ ನಂಬರ್ ಯಾಕೆ? ನಮ್ಮಲ್ಲಿ ಮಂಜುನಾಥ ಅನ್ನುವವರು ಮೂವರು. ಒಬ್ಬರು ಹೆಂಡತಿ ಖಾತೆಯಿಂದ ಕಳಿಸಿದರು, ಇನ್ನೊಬ್ಬರು ಮಗನ ಖಾತೆಯಿಂದ. ಮೂರನೆಯವರು ದುಡ್ಡು ಕಳಿಸದೆ ಹಣ್ಣು ಒಯ್ದರು. ಬುಧವಾರ ರಾತ್ರಿ ಯಾಕೆ? ಗುರುವಾರ ಬೆಳಗ್ಗೆ ಬಲೆ ಕಟ್ಟಿದ ಕೋಲು ಹಿಡಿದು, ತೊಟ್ಟು ಸಮೇತ ಲೆಕ್ಕ ಹಾಕಿ ಕೀಳುತ್ತಾರೆ. ತೊಟ್ಟು ಮುರಿದರೆ ಸೊನೆ ಇಳಿದು ಸಿಪ್ಪೆ ಸುಡುತ್ತದೆ. ಶುಕ್ರವಾರ ಯಾರೋ "ಇನ್ನೊಂದು ಬಾಕ್ಸ್" ಅಂದರೆ ಮರ ಏನು ಮಾಡಬೇಕು?

ಇಷ್ಟಾದರೂ ಒಂದು ಸಾಲು ಸೇರಿಸಲೇಬೇಕಾಯಿತು. ಶನಿವಾರ ಕೈಗೆ ಸಿಗುವುದು ಬಲಿತ ಕಾಯಿ. ಹಸಿರು, ಗಟ್ಟಿ. ಹುಲ್ಲಿನಲ್ಲಿಟ್ಟರೆ ಇನ್ನೂ ನಾಲ್ಕೈದು ದಿನ ಬೇಕು. ತೊಟ್ಟಿನ ಹತ್ತಿರ ಘಮ ಬಂದು, ಮೆಲ್ಲಗೆ ಒತ್ತಿದರೆ ಸ್ವಲ್ಪ ಮಣಿದರೆ ತಿನ್ನಬಹುದು. ಹೋದ ವರ್ಷ ಒಬ್ಬ ಅಂಕಲ್ ಅದೇ ರಾತ್ರಿ ಕೊಯ್ದು, "ಉಪ್ಪಿನಕಾಯಿಗೆ ಕೊಟ್ಟಿದ್ದೀರಾ?" ಅಂತ ಗ್ರೂಪಿನಲ್ಲೇ ಕೇಳಿದರು. ಇನ್ನೊಬ್ಬರು ಕಾಯಿಯನ್ನೇ ಫ್ರಿಜ್ಜಿಗಿಟ್ಟರು. ಅದು ಹಣ್ಣಾಗಲೇ ಇಲ್ಲ, ಮುದುಡಿತು ಅಷ್ಟೇ. ಮತ್ತೊಬ್ಬರು ಪೂರ್ತಿ ಹಣ್ಣಾದ ಮೇಲೆ ತಕ್ಕಡಿಗಿಟ್ಟು ನೂರೈವತ್ತು ಗ್ರಾಂ ಕಮ್ಮಿ ಅಂದರು. ಹಣ್ಣಾಗುವಾಗ ನೀರು ಆರಿ ತೂಕ ಇಳಿಯುತ್ತದೆ, ಅದನ್ನು ಚಿಕ್ಕಪ್ಪ ಕದ್ದಿಲ್ಲ. ಹಾಗಾಗಿ "ಪ್ಯಾಕ್ ಮಾಡುವಾಗಿನ ತೂಕ" ಅಂತಲೂ ಬರೆದೆ.

ಮನೆಗೆ ಎರಡು ಅಂದದ್ದಕ್ಕೆ ಮೇಲಿನ ಮನೆಯ ಆಂಟಿ ತಮ್ಮ ಹೆಸರಲ್ಲಿ ಎರಡು, ಅತ್ತೆ ಹೆಸರಲ್ಲಿ ಎರಡು ಬುಕ್ ಮಾಡಿದರು. "ಅತ್ತೆ ಊರಲ್ಲಿದ್ದಾರಲ್ವಾ ಆಂಟಿ?" ಅಂದೆ. "ಹೂಂ, ಅದಕ್ಕೇ ಬೇರೆ ಮನೆ" ಅಂದರು. ಲೆಕ್ಕ ಸರಿಯಾಗೇ ಇತ್ತು. ಕೊಟ್ಟೆ.

ಮಂಗಳವಾರವೇ ನಲವತ್ತೂ ಮುಗಿದವು. ದಪ್ಪ ಅಕ್ಷರದಲ್ಲಿ "ಸ್ಟಾಕ್ ಖಾಲಿ" ಅಂತ ಹಾಕಿದೆ. ಹತ್ತು ನಿಮಿಷಕ್ಕೆ ಬಾಗಿಲು ತಟ್ಟಿದರು. ಕೆಳಗಿನ ಮನೆಯವರು, ಕೈಯಲ್ಲಿ ಚೀಲ.

"ಖಾಲಿ ಅಂತ ನೋಡಿದೆ. ಪೂರ್ತಿ ಖಾಲಿಯಾಗೋದ್ರೊಳಗೆ ತಗೊಂಡು ಹೋಗೋಣ ಅಂತ ಓಡಿ ಬಂದೆ."