ಪರವಾಗಿಲ್ಲ ಚಿಕ್ಕಮ್ಮ

ಶನಿವಾರ ಮಧ್ಯಾಹ್ನ ಸಾರನ್ನ ಮುಗಿಸಿ, ಪೇಪರ್ ಹಿಡಿದು ದಿವಾನದ ಮೇಲೆ ಅಡ್ಡಾಗಿದ್ದೆ. ಅಕ್ಕನ ಮಗನ ವಾಟ್ಸಾಪ್ ಬಂತು. "ಚಿಕ್ಕಮ್ಮ, ಒಂದು ಮೇಲ್ ನೋಡಿ ಸರಿ ಮಾಡಿಕೊಡ್ತೀಯಾ? ಸ್ಯಾಲರಿ ನೆಗೋಷಿಯೇಷನ್. ಸ್ವಲ್ಪ ಅರ್ಜೆಂಟ್."

ನಾನು ಹದಿನಾರು ವರ್ಷದಿಂದ ಎಚ್‌ಆರ್ ಕೆಲಸದಲ್ಲಿದ್ದೇನೆ. ಡಾಕ್ಟರ್ ಸಿಕ್ಕರೆ ಮದುವೆಮನೆ ಪಂಕ್ತಿಯಲ್ಲೇ ನಾಲಿಗೆ ಚಾಚುವ ಜನ ಇರುತ್ತಾರಲ್ಲ, ನನ್ನ ಮುಂದೆ ರೆಸ್ಯೂಮೆ ಚಾಚುತ್ತಾರೆ. ಅಭ್ಯಾಸವಾಗಿದೆ. ಕಳಿಸು ಅಂದೆ.

ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಇಷ್ಟು: "ಮಾನ್ಯರೇ, ತಾವು ಕ್ಷೇಮವೆಂದು ಭಾವಿಸುತ್ತೇನೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಸಂಬಳವನ್ನು ದಯವಿಟ್ಟು ಮರುಪರಿಶೀಲಿಸಬೇಕಾಗಿ ಕೋರುತ್ತೇನೆ. ತಮ್ಮಿಂದ ಒಳ್ಳೆಯ ಉತ್ತರ ನಿರೀಕ್ಷಿಸುತ್ತೇನೆ."

ಮೇಲ್ಕಂಡ ವಿಷಯ ಏನಪ್ಪಾ ಅಂತ ಮೇಲೆ ನೋಡಿದೆ. "ಸಂಬಳದ ಬಗ್ಗೆ" ಅಂತಿತ್ತು. ಕೆಳಗೆ ಹೆಸರು, ಫೋನ್ ನಂಬರ್. ಇಡೀ ಮೇಲಿನಲ್ಲಿದ್ದ ಒಂದೇ ಅಂಕಿ ಆ ಫೋನ್ ನಂಬರು.

ಈಗ ಎಷ್ಟು ಬರುತ್ತಿದೆ, ಅವರು ಎಷ್ಟು ಕೊಡುತ್ತೇವೆ ಅಂದಿದ್ದಾರೆ, ಇವನಿಗೆ ಎಷ್ಟು ಬೇಕು, ಯಾಕೆ ಬೇಕು, ಯಾವುದೂ ಇಲ್ಲ. ಇದರಲ್ಲಿ ನಾನು ಸರಿ ಮಾಡುವುದೇನು, ಅಲ್ಪವಿರಾಮವಾ?

ನಾವೆಲ್ಲ ನಾಲ್ಕನೇ ಕ್ಲಾಸಿನಲ್ಲಿ ರಜಾ ಅರ್ಜಿ ಬರೆದವರು. "ನನಗೆ ಜ್ವರ ಬಂದಿರುವುದರಿಂದ ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ." ಆ ಒಂದು ಸಾಲಿನಲ್ಲಿ ಕಾರಣವೂ ಇದೆ, ಲೆಕ್ಕವೂ ಇದೆ. ಜ್ವರ, ಎರಡು ದಿನ. ಮೇಷ್ಟರು ನೋಡಿ ಸಹಿ ಹಾಕಬಹುದು, ಇಲ್ಲವೇ ಒಂದೇ ದಿನ ಸಾಕು ಅನ್ನಬಹುದು. ಒಂಬತ್ತು ವರ್ಷದ ಹುಡುಗನಾಗಿ ಇವನೂ ಅದನ್ನು ಬರೆದಿದ್ದಾನೆ, ನಾನೇ ನೋಡಿದ್ದೇನೆ. ಆಮೇಲೆ ಎಂಜಿನಿಯರಿಂಗ್ ಓದಿದ.

"ಪುಟ್ಟಾ, ಈಗ ನಿನ್ನ ಸಂಬಳ ಎಷ್ಟೋ?" ಅಂತ ಕೇಳಿದೆ.

"ಪರವಾಗಿಲ್ಲ ಚಿಕ್ಕಮ್ಮ."

ಈ "ಪರವಾಗಿಲ್ಲ" ಇವನಿಗೆ ಹುಟ್ಟಿನಿಂದ ಬಂದಿದ್ದು. ಪಿಯುಸಿ ಪರೀಕ್ಷೆ ಹೇಗಾಯ್ತೋ ಅಂದರೆ ಪರವಾಗಿಲ್ಲ. ಬೈಕಿಂದ ಬಿದ್ದು ಮೊಣಕೈ ಮುರಿದಾಗ ಆಸ್ಪತ್ರೆ ಮಂಚದಿಂದಲೂ ಪರವಾಗಿಲ್ಲ. ಪಾಯಸಕ್ಕೆ ಸಕ್ಕರೆ ಹಾಕಲು ಮರೆತ ದಿನ ಎರಡು ಲೋಟ ಕುಡಿದು ಪರವಾಗಿಲ್ಲ ಅಂದಿದ್ದ. ಆವತ್ತು ಮುದ್ದು ಉಕ್ಕಿತ್ತು. ಇವತ್ತು ಫೋನ್ ಎಸೆಯೋಣ ಅನ್ನಿಸಿತು.

"ಪರವಾಗಿಲ್ಲ ಅನ್ನೋದು ನಂಬರ್ ಅಲ್ಲ ಕಣೋ."

"ಮಾರ್ಕೆಟ್‌ಗಿಂತ ಸ್ವಲ್ಪ ಕಮ್ಮಿ."

"ಹೊಸ ಕಂಪನಿಯವರು ಎಷ್ಟು ಕೊಡ್ತಾರಂತೆ?"

"ಡೀಸೆಂಟ್ ಆಗಿದೆ."

"ನಿನಗೆಷ್ಟು ಬೇಕು?"

ಟೈಪ್ ಮಾಡುತ್ತಿದ್ದಾನೆ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಕಾಫಿಗೆ ನೀರಿಟ್ಟು ಬಂದೆ. ಕೊನೆಗೆ ಬಂತು: "ಅವರೇ ನೋಡಿ ಏನಾದ್ರೂ ಮಾಡಿದ್ರೆ ಸಾಕು."

ಇದನ್ನು ಎಲ್ಲೋ ಕೇಳಿದ್ದೇನಲ್ಲಾ ಅನ್ನಿಸಿತು. ರಾತ್ರಿ ಹತ್ತರ ಮೇಲೆ ಆಟೋದವರು "ನೋಡ್ಕೊಂಡು ಕೊಡಿ ಮೇಡಂ" ಅನ್ನುತ್ತಾರೆ. ಸತ್ಯನಾರಾಯಣ ಪೂಜೆ ಮುಗಿಸಿದ ಪುರೋಹಿತರು "ನಿಮ್ಮಿಷ್ಟ" ಅನ್ನುತ್ತಾರೆ. ಅವರಿಗೆ ಇದು ನಡೆಯುತ್ತದೆ. ಎದುರಿಗೇ ನಿಂತಿರುತ್ತಾರಲ್ಲ, ಕಮ್ಮಿ ಕೊಟ್ಟರೆ ನಮಗೇ ಮುಜುಗರ. ಕಂಪನಿಗೆ ಮುಜುಗರ ಅನ್ನೋದು ಇರುವುದಿಲ್ಲ. ಹದಿನಾರು ವರ್ಷದಲ್ಲಿ ನಾನಂತೂ ನೋಡಿಲ್ಲ.

ಇಂಥ ಮೇಲ್ ಬಂದರೆ ನಾವು ಏನು ಮಾಡುತ್ತೇವೆ ಅಂತ ಹೇಳಿಬಿಡುತ್ತೇನೆ, ನಮ್ಮವರು ಬೈದುಕೊಂಡರೂ ಸರಿ. ಸಂಬಳ ಜಾಸ್ತಿ ಮಾಡುವ ಅಧಿಕಾರ ಎಚ್‌ಆರ್ ಕೈಯಲ್ಲಿ ಇರುವುದು ಕಡಿಮೆ. ನಾವು ಅದನ್ನು ಆ ಟೀಮಿನ ಮ್ಯಾನೇಜರ್ ಹತ್ತಿರ, ಆಮೇಲೆ ಫೈನಾನ್ಸ್ ಹತ್ತಿರ ಹೊತ್ತುಕೊಂಡು ಹೋಗಬೇಕು. ಅವರು ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟು? ಯಾಕೆ? ಮೇಲಿನಲ್ಲಿ ಎರಡೂ ಇದ್ದರೆ ಅದನ್ನೇ ಅಂಟಿಸಿ ಕಳಿಸುತ್ತೇವೆ. ಇಲ್ಲದಿದ್ದರೆ ಹೊತ್ತುಕೊಂಡು ಹೋಗುವುದಕ್ಕೆ ಏನೂ ಇರುವುದಿಲ್ಲ. ಆಗ "ಪರಿಶೀಲಿಸಿ ತಿಳಿಸುತ್ತೇವೆ" ಅಂತ ಬರೆದು, ಎರಡು ದಿನ ಬಿಟ್ಟು, "ನಮ್ಮ ಬಜೆಟ್‌ನಲ್ಲಿ ಇದೇ ಅತ್ಯುತ್ತಮ ಆಫರ್" ಅಂತ ಇನ್ನೊಂದು ಬರೆಯುತ್ತೇವೆ. ಆ ಎರಡು ದಿನ ಯಾರೂ ಏನನ್ನೂ ಪರಿಶೀಲಿಸಿರುವುದಿಲ್ಲ. ಎರಡೂ ಉತ್ತರ ಮೊದಲೇ ಬರೆದಿಟ್ಟಿರುತ್ತವೆ. ನನ್ನ ಕಂಪ್ಯೂಟರಿನಲ್ಲೂ ಇವೆ.

"ಆಫರ್ ಲೆಟರ್, ಪೇ ಸ್ಲಿಪ್ ಎರಡೂ ಕಳಿಸು. ಇಲ್ಲಾಂದ್ರೆ ನಿಮ್ಮಮ್ಮನಿಗೆ ಫೋನ್ ಮಾಡ್ತೀನಿ" ಅಂದೆ. ಒಂದೇ ನಿಮಿಷದಲ್ಲಿ ಬಂದವು.

ಆಫರ್ 12 ಲಕ್ಷ. ಈಗಿನದು 9.6 ಲಕ್ಷ. ಇಪ್ಪತ್ತೈದು ಪರ್ಸೆಂಟ್ ಜಾಸ್ತಿ, ಇನ್ನೇನು ಬೇಕಂತೆ ಇವನಿಗೆ ಅನ್ನಿಸಿತು. ಆಮೇಲೆ ಕೊನೇ ಪುಟದ ಕೋಷ್ಟಕ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

ಆ 12 ಲಕ್ಷದೊಳಗೆ ಒಂದು ಲಕ್ಷ ಜಾಯಿನಿಂಗ್ ಬೋನಸ್ ಸೇರಿತ್ತು. ಅದು ಒಂದೇ ಸಲ ಬರುವ ದುಡ್ಡು, ವರ್ಷದೊಳಗೆ ಬಿಟ್ಟರೆ ವಾಪಸ್ ಕಕ್ಕಬೇಕು. ಇನ್ನು 1,80,000 ವೇರಿಯಬಲ್, ಅಂದರೆ ಕಂಪನಿಯೂ ಇವನೂ ಚೆನ್ನಾಗಿ ಮಾಡಿದರೆ ವರ್ಷದ ಕೊನೆಗೆ. ಎರಡನ್ನೂ ತೆಗೆದರೆ ಗಟ್ಟಿಯಾಗಿ ಉಳಿಯುವುದು 9,20,000. ಈಗಿನ ಕಂಪನಿಯಲ್ಲಿ ಅದೇ ರೀತಿ ವೇರಿಯಬಲ್ ತೆಗೆದರೆ 8,64,000. ಇಪ್ಪತ್ತೈದು ಪರ್ಸೆಂಟ್ ಅಂದುಕೊಂಡಿದ್ದು ಆರೂವರೆಗೆ ಇಳಿಯಿತು.

ತಮಾಷೆ ಇನ್ನೂ ಇತ್ತು. ಈಗಿನ ಕಂಪನಿ ಪಿಎಫ್ ಅನ್ನು 15,000 ಬೇಸಿಕ್‌ನ ಮಿತಿಗೆ ನಿಲ್ಲಿಸಿದೆ. ಹಾಗಾಗಿ ಇವನ ಸಂಬಳದಿಂದ ಕಟ್ಟಾಗುವುದು ತಿಂಗಳಿಗೆ 1,800, ಕಂಪನಿ ಹಾಕುವುದೂ ಅಷ್ಟೇ. ಹೊಸ ಕಂಪನಿ ಪೂರ್ತಿ ಬೇಸಿಕ್ ಮೇಲೆ 12 ಪರ್ಸೆಂಟ್ ಕಟ್ಟುತ್ತದೆ. ತಿಂಗಳಿಗೆ 4,600 ಇವನ ಕಡೆಯಿಂದ, 4,600 ಕಂಪನಿ ಕಡೆಯಿಂದ. ಆದರೆ ಕಂಪನಿ ಕಡೆಯದ್ದೂ ಆ 9,20,000ದ ಒಳಗೇ ಇದೆ. ಐದು ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಕೈಗೆ ಸಿಗದ ಗ್ರ್ಯಾಚುಟಿಯನ್ನೂ ಅದರೊಳಗೇ ತೋರಿಸಿದ್ದಾರೆ. ಪಿಎಫ್ ಎಲ್ಲೂ ಹೋಗುವುದಿಲ್ಲ, ಇವನದೇ ದುಡ್ಡು, ಒಳ್ಳೆಯದೇ. ಆದರೆ ಮನೆ ಬಾಡಿಗೆಯನ್ನು ಪಿಎಫ್ ಪಾಸ್‌ಬುಕ್ ತೋರಿಸಿ ಕಟ್ಟೋಕಾಗುತ್ತಾ?

ಎರಡೂ ಕಡೆ ಪಿಎಫ್, ಗ್ರ್ಯಾಚುಟಿ, 200 ರೂಪಾಯಿ ವೃತ್ತಿ ತೆರಿಗೆ ಎಲ್ಲ ಕಳೆದು ಕೂಡಿಸಿ ನೋಡಿದೆ. ಈಗ ತಿಂಗಳಿಗೆ ಕೈಗೆ ಬರುತ್ತಿರುವುದು ಸುಮಾರು 66,500. ಹೊಸ ಕೆಲಸದಲ್ಲಿ ಬರುವುದು 65,400.

ಫೋನ್ ಮಾಡಿದೆ. "ಪುಟ್ಟಾ, 12 ಲಕ್ಷದ ಕೆಲಸಕ್ಕೆ ಸೇರಿ ತಿಂಗಳಿಗೆ ಸಾವಿರ ರೂಪಾಯಿ ಕಮ್ಮಿ ತಗೊಳ್ತೀಯಲ್ಲೋ."

ಸ್ವಲ್ಪ ಹೊತ್ತು ಸದ್ದಿಲ್ಲ. ಪರವಾಗಿಲ್ಲ ಅನ್ನುತ್ತಾನೇನೋ ಅಂತ ಕಾದೆ. ಅನ್ನಲಿಲ್ಲ. ಅಷ್ಟರ ಮಟ್ಟಿಗೆ ಪುಣ್ಯ.

"ಅದಕ್ಕೇ ಏನೋ ಸರಿ ಇಲ್ಲ ಅನ್ನಿಸ್ತಿತ್ತು. ಆದ್ರೆ ದುಡ್ಡಿನ ವಿಷಯ, ಬಾಯಿಬಿಟ್ಟು ಹೇಗೆ ಕೇಳೋದು ಚಿಕ್ಕಮ್ಮ?" ಅಂದ.

ಆ ಮಾತಿಗೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ನಮ್ಮಪ್ಪ, ಅಂದರೆ ಇವನ ತಾತ, ಸರ್ಕಾರಿ ಶಾಲೆಯ ಮೇಷ್ಟರು. ಅವರ ಬೇಸಿಕ್ ಎಷ್ಟು ಅಂತ ಬೀದಿಗೆಲ್ಲ ಗೊತ್ತಿತ್ತು. ಡಿಎ ಜಾಸ್ತಿಯಾದರೆ ಪೇಪರಿನಲ್ಲಿ ಬರುತ್ತಿತ್ತು. ಹಾಲಿನವನೂ "ಮೇಷ್ಟ್ರೇ, ಈ ಸಲ ಡಿಎ ಬಂತಂತೆ" ಅಂತ ಖುಷಿಪಡುತ್ತಿದ್ದ, ಮುಂದಿನ ವಾರ ಹಾಲಿಗೆ ರೇಟು ಏರಿಸುತ್ತಿದ್ದ. ಅಪ್ಪ ಮೂವತ್ತನಾಲ್ಕು ವರ್ಷದಲ್ಲಿ ಒಬ್ಬರ ಮುಂದೆಯೂ ನಿಂತು ನನಗೆ ಇಷ್ಟು ಕೊಡಿ ಅಂದವರಲ್ಲ. ಅನ್ನುವ ಪ್ರಸಂಗವೇ ಬರಲಿಲ್ಲ. ಇಂಕ್ರಿಮೆಂಟು ತಾನಾಗಿ ಬರುತ್ತಿತ್ತು, ಮಳೆಗಾಲ ಬಂದ ಹಾಗೆ. ಆ ಮನೆಯಲ್ಲಿ ಕೇಳುವುದನ್ನು ನಮಗೆ ಯಾರು ಕಲಿಸಬೇಕಿತ್ತು?

ಸರಿ, ಇಬ್ಬರೂ ಕೂತು ಬರೆದೆವು. ಏಳು ಸಾಲು. ಆಫರ್‌ಗೆ ಧನ್ಯವಾದ, ಸೇರಲು ಇಷ್ಟವಿದೆ. ಈಗಿನ ಫಿಕ್ಸೆಡ್ 8,64,000, ನಿಮ್ಮದು 9,20,000. ನನಗೆ ಬೇಕಿರುವುದು 10,50,000. ಜಾಯಿನಿಂಗ್ ಬೋನಸ್ಸನ್ನು ವಾರ್ಷಿಕ ಲೆಕ್ಕದಿಂದ ಹೊರಗಿಡಿ. ಕಾರಣ ಎರಡು. ಪೇಮೆಂಟ್ಸ್ ಕೆಲಸವನ್ನು ಎರಡು ವರ್ಷದಿಂದ ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ, ನೀವು ಆಳು ಹುಡುಕುತ್ತಿರುವುದೂ ಅದಕ್ಕೇ. ಈಗ ಬಿಟ್ಟರೆ ಏಪ್ರಿಲ್‌ನಲ್ಲಿ ಬರಬೇಕಿದ್ದ 96,000 ವೇರಿಯಬಲ್ ಕೈತಪ್ಪುತ್ತದೆ.

"ಮಾರ್ಕೆಟ್ ಸ್ಟ್ಯಾಂಡರ್ಡ್ ಅಂತ ಸೇರಿಸೋಣ್ವಾ?" ಅಂದ. ಬೇಡ ಅಂದೆ. ಈಗಿನ ಸಂಬಳ ಹಾಕಲೇಬೇಕಾ ಅಂತಲೂ ಕೇಳಿದ. ತೀರಾ ಕಮ್ಮಿ ಇದ್ದವರು ಅದನ್ನು ಮತ್ತೆ ನೆನಪಿಸಬಾರದು. ಆದರೆ ಇವನ ಪೇ ಸ್ಲಿಪ್ ಆಗಲೇ ಅವರ ಹತ್ತಿರ ಇತ್ತು, ಅಂಕಿಯೂ ಇವನ ಪರವಾಗಿತ್ತು. ನನ್ನೊಬ್ಬಳಿಂದ ಮಾತ್ರ ಮುಚ್ಚಿಟ್ಟಿದ್ದ.

ಬುಧವಾರ ಉತ್ತರ ಬಂತು. ಫಿಕ್ಸೆಡ್ 10 ಲಕ್ಷ, ವೇರಿಯಬಲ್ ಮೊದಲಿನಷ್ಟೇ, ಒಂದು ಲಕ್ಷ ಬೋನಸ್ ಪ್ರತ್ಯೇಕ. ತಿಂಗಳಿಗೆ ಕೈಗೆ 71,000 ಬರುತ್ತದೆ. ಕೇಳಿದ್ದೆಲ್ಲ ಸಿಗಲಿಲ್ಲ, ಆದರೂ ಮೋಸವಿಲ್ಲ. ಸಂಜೆ ನನಗೆ ನಾನೇ ಎರಡು ಮಸಾಲೆ ದೋಸೆ ಕೊಡಿಸಿಕೊಂಡೆ.

ರಾತ್ರಿ ಅಕ್ಕ ಫೋನ್ ಮಾಡಿದಳು. ಧ್ವನಿ ಬಿಗಿಯಾಗಿತ್ತು.

"ಏನೇ, 12 ಲಕ್ಷ ಇದ್ದದ್ದು 11.8 ಆಯ್ತಂತೆ? ನಿನ್ನ ಹತ್ರ ತೋರಿಸು ಅಂದಿದ್ದು ನಾನೇ. ಇದ್ದದ್ದೂ ಕಮ್ಮಿ ಮಾಡಿಸಿಬಿಟ್ಟೆಯಲ್ಲೇ! ಹುಡುಗಿ ಕಡೆಯವರಿಗೆ 12 ಅಂತ ಹೇಳಿ ಆಗಿದೆ."

ಬೋನಸ್ ಹೊರಗೆ ಬಂತು ಅಕ್ಕಾ, ಫಿಕ್ಸೆಡ್ ಏರಿತು, ಕೈಗೆ ಬರುವುದು ನೋಡು ಅಂತ ಇಪ್ಪತ್ತು ನಿಮಿಷ ವಿವರಿಸಿದೆ. ಎಲ್ಲ ಕೇಳಿಸಿಕೊಂಡು "ಅದೆಲ್ಲ ಸರಿ, ಆ ಇಪ್ಪತ್ತು ಸಾವಿರ ಎಲ್ಲಿ ಹೋಯ್ತು?" ಅಂದಳು. ಪಕ್ಕದಲ್ಲಿ ಭಾವ "ಪರವಾಗಿಲ್ಲ ಬಿಡೇ" ಅನ್ನುವುದು ಕೇಳಿಸಿತು. ಇದು ಯಾರ ಕಡೆಯಿಂದ ಬಂದ ಕಾಯಿಲೆ ಅಂತ ಅವತ್ತು ತಿಳಿಯಿತು.

ಇವತ್ತು ಬೆಳಿಗ್ಗೆ ಪುಟ್ಟನಿಂದ ಮತ್ತೆ ಮೆಸೇಜು. "ಚಿಕ್ಕಮ್ಮ, ರಾಜೀನಾಮೆ ಮೇಲ್ ಬರೆದಿದ್ದೀನಿ, ಒಂದ್ಸಲ ನೋಡ್ತೀಯಾ?"

ತೆರೆದೆ. ತಾವು ಕ್ಷೇಮವೆಂದು ಭಾವಿಸುತ್ತೇನೆ. ಇಲ್ಲಿ ಬಹಳ ಕಲಿತೆ. ಎಲ್ಲರ ಸಹಕಾರಕ್ಕೆ ಧನ್ಯವಾದಗಳು. ನೋಟಿಸ್ ಅವಧಿ ಎಷ್ಟು ದಿನ, ಕೊನೆಯ ದಿನ ಯಾವುದು, ಒಂದೂ ಇರಲಿಲ್ಲ. ಕೆಳಗಿನಿಂದ ಮೇಲಿನವರೆಗೆ ಇನ್ನೊಂದು ಸಲ ಓದಿದೆ. ಕೆಲಸ ಬಿಡುತ್ತಿದ್ದೇನೆ ಅಂತಲೂ ಇರಲಿಲ್ಲ.