ವಸೂಲಿ ಏರಿಯಾದ್ದಂತೆ, ಬಾಕಿ ಮಾತ್ರ ನನ್ನದಂತೆ

ಒಂದು ಸ್ಟೀಲ್ ನೀರಿನ ಬಾಟಲಿ ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಕೊರಿಯರ್ ಖರ್ಚನ್ನೂ ನಾನೇ ಹಾಕಿ ಕಳುಹಿಸುತ್ತೇನೆ. "ಅತ್ಯುತ್ತಮ ಅಭಿನಯ" ಎಂದು ಮೇಲೆ ಚೀಟಿ ಅಂಟಿಸಿ ಕೊಟ್ಟಿದ್ದಾರೆ. ನನ್ನ ಹಣವನ್ನು ನನಗೇ ಕೊಡುವುದಿಲ್ಲ ಎಂದು ನನ್ನ ಬಾಯಿಂದಲೇ ಹೇಳಿಸಿ, ಅದಕ್ಕೆ ಚಪ್ಪಾಳೆ ತಟ್ಟಿಸಿ ಕೊಟ್ಟ ಬಹುಮಾನ ಅದು.

ತುಮಕೂರಿನ ಹೋಟೆಲ್ ಹಾಲ್. ಊಟದ ನಂತರದ ತರಬೇತಿ. ತರಬೇತಿ ಕೊಡಲು ಬಂದಿದ್ದವರು ನಮ್ಮನ್ನು ಜೋಡಿ ಜೋಡಿಯಾಗಿ ನಿಲ್ಲಿಸಿ ಒಂದೊಂದು ಚೀಟಿ ಹಂಚಿದರು. ನನ್ನ ಪಾಲಿಗೆ ಬಂದ ಚೀಟಿಯಲ್ಲಿ ಹೀಗಿತ್ತು: "ಮಾರಾಟ ಪ್ರತಿನಿಧಿಯ ಏರಿಯಾ ಬದಲಾಗಿದೆ. ಹಳೆಯ ಏರಿಯಾದ ಕಮಿಷನ್ ಬಗ್ಗೆ ಅವನಿಗೂ ಮ್ಯಾನೇಜರಿಗೂ ತಕರಾರು. ಐದು ನಿಮಿಷದಲ್ಲಿ ಇತ್ಯರ್ಥ ಮಾಡಿ." ಹಾಲ್‌ನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಏಪ್ರಿಲ್‌ನಿಂದ ನಾನು ಇದೇ ವಿಷಯವಾಗಿ ಕಚೇರಿಗೆ ಮೇಲ್ ಬರೆಯುತ್ತಿರುವುದು ಅಲ್ಲಿ ಯಾರಿಗೆ ತಾನೇ ಗೊತ್ತಿಲ್ಲ? ಆ ಚೀಟಿ ಆಕಸ್ಮಿಕವಾಗಿ ಬಂತು ಎಂದು ಮ್ಯಾನೇಜರ್ ಇಂದಿಗೂ ಹೇಳುತ್ತಾರೆ. ಆಗಿರಲಿ ಬಿಡಿ. ಆದರೆ ಅವರು ಎದ್ದು ಬಂದು, "ನಾನು ಸೇಲ್ಸ್‌ಮನ್ ಆಗುತ್ತೇನೆ, ನೀನು ಮ್ಯಾನೇಜರ್ ಆಗು. ಈ ಕುರ್ಚಿಯ ಕಷ್ಟ ನಿನಗೂ ತಿಳಿಯಲಿ" ಎಂದದ್ದು ಆಕಸ್ಮಿಕವೇ?

ನನ್ನ ಚೀಲವನ್ನೇ ಕೇಳಿ ಪಡೆದು ಹೆಗಲಿಗೆ ಹಾಕಿಕೊಂಡರು. ನಾನು ಮಾತಾಡುವಾಗ ಕನ್ನಡಕವನ್ನು ಮೇಲೆ ಸರಿಸುತ್ತೇನಂತೆ, ಅದನ್ನೂ ಮಾಡಿದರು. ಎರಡೂ ಕೈ ಜೋಡಿಸಿ, ಅಳುವ ದನಿಯಲ್ಲಿ, "ಸಾರ್, ತಿಪಟೂರು ನನ್ನ ಬೆವರು ಸಾರ್, ಅರಸೀಕೆರೆ ನನ್ನ ರಕ್ತ ಸಾರ್" ಎಂದರು. ಹಾಲ್ ನಕ್ಕಿತು. ನಾನು ಬೆವರು, ರಕ್ತ ಎಂದೆಲ್ಲ ಎಂದೂ ಬರೆದವನಲ್ಲ. ಬಿಲ್ ನಂಬರ್ ಮತ್ತು ದಿನಾಂಕ ಬರೆದಿದ್ದೆ. ಅವರು ಬಿಲ್ ನಂಬರ್ ಹೇಳಲೇ ಇಲ್ಲ. ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಮ್ಯಾನೇಜರ್ ಪಾತ್ರಕ್ಕೆ ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿದ್ದ ಮಾತುಗಳನ್ನು ನಾನು ಓದಬೇಕಿತ್ತು. "ನಿಯಮ ಎಲ್ಲರಿಗೂ ಒಂದೇ. ಹಣ ಬಂದ ದಿನ ಏರಿಯಾ ಯಾರ ಕೈಯಲ್ಲಿರುತ್ತದೆಯೋ ಕಮಿಷನ್ ಅವರಿಗೆ. ನಿನಗೂ ಹೊಸ ಏರಿಯಾದಲ್ಲಿ ಹಿಂದಿನವರ ಹಣ ಬರುತ್ತದಲ್ಲ?" ನಾನು ಓದಿದೆ. ಎಷ್ಟು ಚೆನ್ನಾಗಿ ಓದಿದೆ ಎಂದರೆ, ಬೆರಳಿನಿಂದ ಮೇಜು ಕುಟ್ಟಿದೆ, ನಡುವೆ ಕೈಗಡಿಯಾರವನ್ನೂ ನೋಡಿದೆ. ವರ್ಷಗಟ್ಟಲೆ ಎದುರು ಕುಳಿತು ನೋಡಿದ್ದೆಲ್ಲ ತಾನಾಗಿ ಬಂದುಬಿಟ್ಟಿತು. ಕೊನೆಗೆ ಅವರು ತಲೆ ತಗ್ಗಿಸಿ, "ಆಯಿತು ಸಾರ್, ಅರ್ಥವಾಯಿತು" ಎಂದರು. ಚಪ್ಪಾಳೆ. ಬಾಟಲಿ. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, ಎಲ್ಲರಿಗೂ ಕೇಳುವಂತೆ, "ನೋಡಿದೆಯಾ? ಈಗ ನೀನೇ ವಿವರಿಸಿದೆ. ಇನ್ನು ಮೇಲ್ ಬರೆಯಬೇಡ" ಎಂದರು.

ಇಪ್ಪತ್ತೇಳು ಸಾವಿರ ರೂಪಾಯಿ. ನಗುವ ಮೊದಲು ಅದು ಹೇಗೆ ಬಂತೆಂದು ಕೇಳಿ.

ನಾವು ಮಾರುವುದು ಬೋರ್‌ವೆಲ್‌ಗೆ ಇಳಿಸುವ ಸಬ್‌ಮರ್ಸಿಬಲ್ ಪಂಪು. ತಿಪಟೂರು, ಅರಸೀಕೆರೆ ಕಡೆ ತೆಂಗಿನ ತೋಟಗಳಿಗೆ ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಮೋಟಾರ್ ಸುಡುತ್ತದೆ, ರೈತ ಅಂಗಡಿಗೆ ಓಡುತ್ತಾನೆ. ಆ ಹೊತ್ತಿಗೆ ಅಂಗಡಿಯಲ್ಲಿ ಮಾಲು ಇರಬೇಕು. ಹಾಗಾಗಿ ಡೀಲರ್ ಜನವರಿಯಿಂದ ಮಾರ್ಚ್‌ನೊಳಗೆ ಮಾಲು ತುಂಬಿಕೊಳ್ಳುತ್ತಾನೆ, ಹಣವನ್ನು ಏಪ್ರಿಲ್, ಮೇನಲ್ಲಿ ಕೊಡುತ್ತಾನೆ. ಅರಸೀಕೆರೆಯ ಒಬ್ಬ ಡೀಲರ್‌ಗೆ ಮಾರ್ಚ್ 10ರಂದು ಜಿಎಸ್‌ಟಿ ಬಿಟ್ಟು 18 ಲಕ್ಷದ ಬಿಲ್ ಹಾಕಿಸಿದೆ. ಅರವತ್ತು ದಿನದ ಸಾಲ, ಮೇ 9ಕ್ಕೆ ಗಡುವು. ನಮ್ಮ ಕಮಿಷನ್ ಬಿಲ್ಲಿನ ಮೇಲಲ್ಲ, ಬಂದ ಹಣದ ಮೇಲೆ, ಶೇಕಡಾ ಒಂದೂವರೆ. ಆ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಬಿಲ್ ಮೇಲೆಯೇ ಕೊಟ್ಟರೆ ತಿಂಗಳ ಕೊನೆಯ ದಿನ ಡೀಲರ್ ಗೋದಾಮಿಗೆ ಬೇಡದ ಮಾಲು ತುಂಬಿಸಿ, ಮುಂದಿನ ತಿಂಗಳು ವಾಪಸ್ ತರುವವರು ನಮ್ಮಲ್ಲೂ ಇದ್ದಾರೆ.

ಏಪ್ರಿಲ್ 1ಕ್ಕೆ ಪತ್ರ ಬಂತು. ಹೊಸ ಆರ್ಥಿಕ ವರ್ಷ, ಹೊಸ ಏರಿಯಾ: ಸಕಲೇಶಪುರ, ಮೂಡಿಗೆರೆ. ಕಾಗದದ ಮೇಲೆ ಎಷ್ಟು ಚೆಂದ! ಆದರೆ ಪಂಪಿನ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದಿಲ್ಲ. ಬಯಲುಸೀಮೆಯಲ್ಲಿ ಅದು ವಸೂಲಿಯ ಕಾಲ. ಮಲೆನಾಡಿನಲ್ಲಿ ಆ ಹೊತ್ತಿಗೆ ವ್ಯಾಪಾರವೇ ಮುಗಿದಿರುತ್ತದೆ. ಕಾಫಿ ತೋಟದವರು ಹೂವು ಅರಳಿಸಲು ಫೆಬ್ರವರಿ, ಮಾರ್ಚ್‌ನಲ್ಲಿ ಕೆರೆಯಿಂದ ಸ್ಪ್ರಿಂಕ್ಲರ್ ಹೊಡೆಯುತ್ತಾರೆ, ಪಂಪು ಬೇಕಾಗುವುದು ಆಗ. ನಾನು ಹೋಗಿ ನಿಂತಾಗ ಅಂಗಡಿಯವರು ಕಾಫಿ ಕೊಟ್ಟು, "ಡಿಸೆಂಬರ್‌ನಲ್ಲಿ ಬನ್ನಿ" ಎಂದರು. ಅಲ್ಲಿ ನನ್ನ ಪಾಲಿಗೆ ಬರುವ ಹಿಂದಿನವರ ಹಣ ಹೆಚ್ಚೇನೂ ಇಲ್ಲ. ತೋಟಗಾರರು ನಗದು ಕೊಟ್ಟು ಕೊಳ್ಳುವವರು; ಡೀಲರ್‌ಗಳ ಲೆಕ್ಕ ಮಾರ್ಚ್‌ಗೇ ಬಹುತೇಕ ಚುಕ್ತಾ. "ನಿನಗೂ ಹಿಂದಿನವರ ಹಣ ಬರುತ್ತದಲ್ಲ" ಎಂದು ಮೇಜು ಕುಟ್ಟಿ ಹೇಳಿದವನು ನಾನೇ. ಎಂಥ ನಟ!

ಇಷ್ಟಾದರೂ ಸುಮ್ಮನಿರುತ್ತಿದ್ದೆನೇನೋ. ವರ್ಗಾವಣೆ ಇದ್ದದ್ದೇ, ನೌಕರಿಗೆ ಸೇರುವಾಗ ಸಹಿ ಹಾಕಿದ ಕಾಗದದಲ್ಲೂ ಇತ್ತು. ಆದರೆ ನನ್ನ ಹಳೆಯ ಏರಿಯಾದ ಚಿಕ್ಕನಾಯಕನಹಳ್ಳಿಯಲ್ಲಿ ಒಂದು ಹಳೆಯ ಬಾಕಿ ಇದೆ, 4 ಲಕ್ಷ, ತೊಂಬತ್ತು ದಿನ ದಾಟಿದ್ದು. ದಾಟಿದ ಬಾಕಿಗೆ ತಿಂಗಳಿಗೆ ಶೇಕಡಾ ಒಂದರಂತೆ ನಮ್ಮ ಇನ್ಸೆಂಟಿವ್‌ನಲ್ಲಿ ಕಡಿಯುತ್ತಾರೆ. ಏಪ್ರಿಲ್‌ನಲ್ಲಿ ಯಾರದ್ದು ಕಡಿದರು ಗೊತ್ತೇ? ನನ್ನದೇ, ನಾಲ್ಕು ಸಾವಿರ. "ಸಾಲ ಕೊಡಿಸಿದವನು ನೀನಲ್ಲವೇ?" ಎಂದರು. ಅರಸೀಕೆರೆಯಲ್ಲಿ ಸಾಲ ಕೊಡಿಸಿದವನು ಯಾರು ಸ್ವಾಮಿ? ಬರುವ ಹಣ ಏರಿಯಾಕ್ಕೆ ಅಂಟಿಕೊಳ್ಳುತ್ತದೆ, ಬಾರದ ಹಣ ನನಗೆ ಅಂಟಿಕೊಳ್ಳುತ್ತದೆ. ಇದು ಯಾವ ನಿಯಮ? ಎಲ್ಲಿ ಬರೆದಿದೆ?

ಎಲ್ಲಿಯೂ ಬರೆದಿಲ್ಲ ಎಂಬುದು ಲೆಕ್ಕಪತ್ರ ವಿಭಾಗದ ಹುಡುಗನನ್ನು ಹಿಡಿದು ಕೂರಿಸಿ ಕೇಳಿದಾಗ ತಿಳಿಯಿತು. ಬಿಲ್ಲಿಂಗ್ ತಂತ್ರಾಂಶದಲ್ಲಿ ಪ್ರತಿ ಡೀಲರ್ ಹೆಸರಿನ ಮುಂದೆ ಸೇಲ್ಸ್‌ಮನ್‌ನ ಒಂದು ಕೋಡ್ ಇರುತ್ತದೆ. ಬಿಲ್ ಹಾಕುವಾಗ ಆ ಕೋಡ್ ಬಿಲ್ಲಿನಲ್ಲೂ ದಾಖಲಾಗುತ್ತದೆ. ಆದರೆ ಕಮಿಷನ್ ವರದಿ ಕೋಡನ್ನು ಬಿಲ್ಲಿನಿಂದ ಎತ್ತಿಕೊಳ್ಳುವುದಿಲ್ಲ, ಡೀಲರ್ ಖಾತೆಯಿಂದ ಎತ್ತಿಕೊಳ್ಳುತ್ತದೆ. ಏಪ್ರಿಲ್ 1ರಂದು ಆ ಹುಡುಗ ಖಾತೆಯಲ್ಲಿ ನನ್ನ ಕೋಡ್ ತೆಗೆದು, ನನ್ನ ಹಳೆಯ ಏರಿಯಾಕ್ಕೆ ಬಂದ ಹೊಸಬನ ಕೋಡ್ ಹಾಕಿದ. ಅಷ್ಟೇ. ವಸೂಲಿಯಾಗದೆ ಉಳಿದಿದ್ದ ನನ್ನ ಬಿಲ್ಲುಗಳೆಲ್ಲ ಒಂದೇ ಕ್ಷಣದಲ್ಲಿ ಹೊಸಬನ ಹೆಸರಿಗೆ ಹೋದವು. ದಾಟಿದ ಬಾಕಿಯ ಪಟ್ಟಿ ಮಾತ್ರ ತಂತ್ರಾಂಶದಲ್ಲಿಲ್ಲ, ಎಕ್ಸೆಲ್‌ನಲ್ಲಿ ಕೈಯಿಂದ ಬರೆದದ್ದು. ಅದರಲ್ಲಿ ಹೆಸರು ಯಾರೂ ಬದಲಿಸಲಿಲ್ಲ. ಬಿಲ್ಲನ್ನು ಲೆಕ್ಕಪತ್ರದ ಹುಡುಗ ತೆರೆದು ತೋರಿಸಿದ. ಮಾರ್ಚ್ 10, ನನ್ನ ಕೋಡ್, ಅಲ್ಲೇ ಇದೆ. "ವರದಿಯ ಒಂದು ಕಾಲಂ ಬದಲಿಸಿದರೆ ಸಾಕು ಸಾರ್, ಆದರೆ ಮೇಲಿನವರು ಹೇಳಬೇಕು" ಎಂದ.

ಮೇಲಿನವರು ನನ್ನ ಕನ್ನಡಕದ ಅಭಿನಯ ಮಾಡುತ್ತಿದ್ದರು.

ಬೇರೆ ಕಂಪನಿಗಳಲ್ಲಿರುವ ಗೆಳೆಯರನ್ನು ವಿಚಾರಿಸಿದೆ. ಒಂದು ಕಡೆ ಏರಿಯಾ ಬದಲಾದರೂ ಹಳೆಯ ಬಿಲ್ಲುಗಳ ಕಮಿಷನ್ ತೊಂಬತ್ತು ದಿನ ಹಳಬನಿಗೇ. ಇನ್ನೊಂದು ಕಡೆ ವಸೂಲಿಗೆ ಓಡಾಡುವವನು ಹೊಸಬ ಎಂದು ಅರ್ಧರ್ಧ ಹಂಚುತ್ತಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಪತ್ರದಲ್ಲಿ ಎರಡು ದಿನಾಂಕ ಇರುತ್ತವೆ: ಏರಿಯಾ ಬಿಡುವ ದಿನಾಂಕ, ಕಮಿಷನ್ ನಿಲ್ಲುವ ದಿನಾಂಕ. ನನ್ನ ಪತ್ರದಲ್ಲಿ ಒಂದೇ ದಿನಾಂಕ. ಇದನ್ನು ಓದುತ್ತಿರುವ ಸೇಲ್ಸ್‌ನವರು ಯಾರಾದರೂ ಇದ್ದರೆ, ಸಹಿ ಹಾಕುವ ಮೊದಲು ಎರಡನೆಯ ದಿನಾಂಕ ಎಲ್ಲಿ ಎಂದು ಕೇಳಿ. ಏಪ್ರಿಲ್ 2ರಂದು ಕೇಳಿದರೆ ಅದು ತಕರಾರಾಗುತ್ತದೆ, ಆಮೇಲೆ ನಾಟಕವೂ ಆಗುತ್ತದೆ.

ಕಾನೂನಿಗೆ ಹೋಗು ಎನ್ನುತ್ತೀರಿ. ಪರಿಚಯದ ವಕೀಲರನ್ನು ಕೇಳಿದೆ. 2019ರ ವೇತನ ಸಂಹಿತೆ ವೇತನ ಎಂದರೇನು ಎಂದು ಹೇಳುವಾಗಲೇ ಕಮಿಷನ್ನನ್ನು ಹೊರಗಿಟ್ಟಿದೆಯಂತೆ. ಹೀಗೆ ಹೊರಗಿಟ್ಟ ಬಾಬ್ತುಗಳು ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ದಾಟಿದಷ್ಟು ಮಾತ್ರ ವೇತನ. ನನ್ನದು ಅರ್ಧದ ಹತ್ತಿರವೂ ಹೋಗುವುದಿಲ್ಲ. ಉಳಿದದ್ದು ನೇಮಕಾತಿ ಕರಾರು, ಸಿವಿಲ್ ಕೋರ್ಟು. ಇಪ್ಪತ್ತೇಳು ಸಾವಿರಕ್ಕೆ! ವಕೀಲರೇ ನಕ್ಕರು. ಬಿಟ್ಟುಬಿಡುತ್ತೇನೆ, ಹೋಗಲಿ ಎಂದುಕೊಂಡೆ. ನಿಜವಾಗಿಯೂ ಬಿಟ್ಟಿದ್ದೆ.

ಅಷ್ಟರಲ್ಲಿ ನಿನ್ನೆ ಹೊಸಬನ ಫೋನು. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. "ಅಣ್ಣಾ, ಅರಸೀಕೆರೆಯವರು ನನ್ನ ಫೋನ್ ಎತ್ತುತ್ತಿಲ್ಲ. ಗಡುವು ದಾಟಿದೆ. ನೀವು ಒಂದು ಮಾತು ಹೇಳಿದರೆ ಹಣ ಹಾಕುತ್ತಾರೆ" ಎಂದ. ಅವನಿಗೆ ಹಾಗೆ ಹೇಳಿಕೊಟ್ಟವರು ಯಾರೆಂದು ಕೇಳಿದೆ. ಮ್ಯಾನೇಜರ್ ಸಾಹೇಬರಂತೆ. "ಅವನಿಗೆ ಹೇಳು, ಅವನ ಮಾತು ಅಲ್ಲಿ ನಡೆಯುತ್ತದೆ" ಎಂದರಂತೆ! ಹಾಗಿದ್ದರೆ ಅಲ್ಲಿ ನಡೆಯುವುದು ಯಾರ ಮಾತು ಎಂದು ಅವರಿಗೂ ಗೊತ್ತು. ಗೊತ್ತಿದ್ದೇ ಚೀಲ ಹೆಗಲಿಗೆ ಹಾಕಿಕೊಂಡು ಕುಣಿದರು.

ನಾನು ಫೋನ್ ಮಾಡಬಾರದಿತ್ತು ಎನ್ನುತ್ತೀರಿ. ಮಾಡಿದೆ. ಡೀಲರ್ ನನ್ನ ಮುಖ ನೋಡಿ ಮಾಲು ತೆಗೆದುಕೊಂಡವರು, ನಾಳೆ ನಾನು ಬೇರೆ ಕಂಪನಿಗೆ ಸೇರಿದರೂ ಅವರ ಅಂಗಡಿಯ ಮೆಟ್ಟಿಲು ಹತ್ತಬೇಕಾದವನು. ಸಂಜೆಯೊಳಗೆ ಪೂರ್ತಿ ಹಣ ಆರ್‌ಟಿಜಿಎಸ್ ಮೂಲಕ ಬಂತು. ವರದಿಯಲ್ಲಿ ಹೊಸಬನ ಹೆಸರು. ಗುಂಪಿನಲ್ಲಿ ಮ್ಯಾನೇಜರ್ ಅವನಿಗೆ ಹೂಗುಚ್ಛದ ಚಿತ್ರ ಹಾಕಿದ್ದಾರೆ.

ಇಂದು ಬೆಳಿಗ್ಗೆ ಮತ್ತೆ ಮೇಲ್ ಬರೆದಿದ್ದೇನೆ. ಈ ಸಲ ಲೆಕ್ಕಪತ್ರ ವಿಭಾಗಕ್ಕೆ, ಎಚ್‌ಆರ್‌ಗೆ, ಮೇಲಿನ ಪ್ರಾದೇಶಿಕ ಮುಖ್ಯಸ್ಥರಿಗೆ, ಎಲ್ಲರಿಗೂ. ಬೆವರು, ರಕ್ತ ಏನೂ ಇಲ್ಲ. ಬಿಲ್ ನಂಬರ್, ದಿನಾಂಕ, ಬಿಲ್ಲಿನಲ್ಲಿರುವ ನನ್ನ ಕೋಡ್, ಮತ್ತು ಒಂದೇ ಪ್ರಶ್ನೆ: ವಸೂಲಿ ಏರಿಯಾದ್ದಾದರೆ ಚಿಕ್ಕನಾಯಕನಹಳ್ಳಿಯ ಬಾಕಿಯನ್ನೂ ಏರಿಯಾಕ್ಕೆ ಹಾಕಿ ನನ್ನ ನಾಲ್ಕು ಸಾವಿರ ಹಿಂದಿರುಗಿಸಿ, ಬಾಕಿ ನನ್ನದಾದರೆ ಅರಸೀಕೆರೆಯ ಇಪ್ಪತ್ತೇಳು ಸಾವಿರ ಕೊಡಿ. ಎರಡರಲ್ಲಿ ಯಾವುದು? ಎಚ್‌ಆರ್‌ನಿಂದ ಮಾತ್ರ ಉತ್ತರ ಬಂದಿದೆ. ತರಬೇತಿ ಹೇಗಿತ್ತು ಎಂದು ಅಭಿಪ್ರಾಯ ತುಂಬುವ ನಮೂನೆಯಂತೆ, ಶುಕ್ರವಾರದೊಳಗೆ ಕಳುಹಿಸಬೇಕಂತೆ.