ಬ್ಯಾಂಕ್ ವಿಲೀನ ಮಾಡಿದ್ದು ಅವರು, ಅಲೆಯುತ್ತಿರುವುದು ನಾವು

"ನಿಮಗೇನೂ ತೊಂದರೆ ಇಲ್ಲಮ್ಮ, ಎಲ್ಲ ತಾನಾಗೇ ಬದಲಾಗುತ್ತೆ." ನಮ್ಮ ಬ್ಯಾಂಕ್ ವಿಲೀನ ಆದಾಗ ಕೌಂಟರ್‌ನಲ್ಲಿ ಅಮ್ಮನಿಗೆ ಹೇಳಿದ್ದು ಇದೇ ಮಾತು. ಅದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಬ್ಯಾಂಕಿನ ಕಂಪ್ಯೂಟರ್‌ನಲ್ಲಿ ಬದಲಾಗುತ್ತದೆ, ನಿಜ. ಆದರೆ ನಮ್ಮ ಖಾತೆ ಸಂಖ್ಯೆ ಇನ್ನೂ ಎಷ್ಟು ಕಡೆ ಬರೆದಿಟ್ಟಿದೆ ಅನ್ನೋದು ಬ್ಯಾಂಕಿಗೆ ಗೊತ್ತೇ ಇರುವುದಿಲ್ಲ. ವಿಮೆ, ಪಿಎಫ್, ಆದಾಯ ತೆರಿಗೆ, ಮ್ಯೂಚುವಲ್ ಫಂಡ್, ಸಾಲದ ಕಂತು. ಅಲ್ಲೆಲ್ಲ ಹಳೆಯ ಸಂಖ್ಯೆಯೇ ಕೂತಿರುತ್ತದೆ. ಅದನ್ನು ಬದಲಾಯಿಸಬೇಕಾದವರು ನಾವು ಎಂದು ಒಬ್ಬರಾದರೂ ಹೇಳಬೇಕಿತ್ತಲ್ವಾ?

ಇದರಲ್ಲಿ ಮೋಸ ಹೋಗುವುದು ಎಲ್ಲಿ ಗೊತ್ತಾ? ವಿಲೀನ ಆದ ದಿನ ಏನೂ ಕೆಡುವುದಿಲ್ಲ. ಶಾಖೆಯನ್ನು ಗುರುತಿಸುವ ಹಳೆಯ ಐಎಫ್‌ಎಸ್‌ಸಿ ಕೋಡ್, ಹಳೆಯ ಚೆಕ್ ಎಲ್ಲ ಸ್ವಲ್ಪ ಕಾಲ ನಡೆಯುತ್ತವೆ. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿದ್ದು 2020ರ ಏಪ್ರಿಲ್ 1ರಂದು. SYNB ಎಂದು ಶುರುವಾಗುವ ಕೋಡ್‌ಗಳು ನಿಂತಿದ್ದು 2021ರ ಜುಲೈ 1ರಿಂದ. ನಡುವೆ ಒಂದು ವರ್ಷಕ್ಕೂ ಜಾಸ್ತಿ ಸಮಯ. ಅಷ್ಟರಲ್ಲಿ ಜನ ವಿಲೀನದ ವಿಷಯವನ್ನೇ ಮರೆತಿರುತ್ತಾರೆ. ಆಮೇಲೆ ಒಂದು ದಿನ ಸದ್ದಿಲ್ಲದೆ ದುಡ್ಡು ಬರುವುದು ನಿಲ್ಲುತ್ತದೆ.

ನಮಗೆ ಆಗಿದ್ದೂ ಹಾಗೇ. ಅದೂ ಎರಡೆರಡು ಸಲ. ಮೊದಲು ಬ್ಯಾಂಕ್ ವಿಲೀನ ಆಗಿ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎರಡೂ ಬದಲಾದವು. ಆಮೇಲೆ ಒಂದೇ ರಸ್ತೆಯಲ್ಲಿ ಎರಡು ಶಾಖೆ ಯಾಕೆ ಎಂದು ನಮ್ಮ ಶಾಖೆಯನ್ನು ಪಕ್ಕದ ಶಾಖೆಗೆ ಸೇರಿಸಿದರು. ಈ ಸಲ ಖಾತೆ ಸಂಖ್ಯೆ ಹಾಗೇ ಉಳಿಯಿತು, ಐಎಫ್‌ಎಸ್‌ಸಿ ಮತ್ತೆ ಬದಲಾಯಿತು. ಐಎಫ್‌ಎಸ್‌ಸಿಯ ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ಹಾಗಾಗಿ ಬ್ಯಾಂಕಿನ ಹೆಸರು ಅದೇ ಇದ್ದರೂ ಶಾಖೆ ಮುಚ್ಚಿದರೆ ಕೊನೆಯ ಆರು ಬದಲಾಗುತ್ತವೆ. ಬೋರ್ಡ್ ಅದೇ ಇದೆ, ಮೊಬೈಲ್‌ನಲ್ಲಿ ಯುಪಿಐ ನಡೆಯುತ್ತಿದೆ, ಇನ್ನೇನು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಯುಪಿಐ ನಡೆದ ಮಾತ್ರಕ್ಕೆ ವಿಮೆ ಕಂಪನಿ ಕಳಿಸುವ ದುಡ್ಡು ಬರುತ್ತದೆ ಅಂತಲ್ಲ.

ಅಮ್ಮನ ವಿಮೆ ಪಾಲಿಸಿಯ ಅವಧಿ ಮುಗಿದಿತ್ತು. ದುಡ್ಡು ಬರಲಿಲ್ಲ. ವಿಮೆ ಕಚೇರಿಯವರು "ನಾವು ಕಳಿಸಿ ಆಗಿದೆ" ಎಂದರು. ಬ್ಯಾಂಕಿನವರು "ನಮಗೆ ಬಂದೇ ಇಲ್ಲ" ಎಂದರು. ಇಬ್ಬರ ನಡುವೆ ಅಮ್ಮ ಬಿಸಿಲಲ್ಲಿ ಓಡಾಡಿದರು. ಕೊನೆಗೆ ದಾರಿ ತೋರಿಸಿದ್ದು ಯುಟಿಆರ್ ಸಂಖ್ಯೆ. ಬ್ಯಾಂಕಿನಿಂದ ಬ್ಯಾಂಕಿಗೆ ನೆಫ್ಟ್‌ನಲ್ಲಿ ದುಡ್ಡು ಕಳಿಸಿದರೆ ಆ ವರ್ಗಾವಣೆಯನ್ನು ಗುರುತಿಸುವ ಈ ಸಂಖ್ಯೆ ಇದ್ದೇ ಇರುತ್ತದೆ. "ಕಳಿಸಿದ್ದೇವೆ" ಎನ್ನುವವರ ಹತ್ತಿರ ಅದನ್ನೇ ಕೇಳಿ, ಬಾಯಿಮಾತು ಒಪ್ಪಬೇಡಿ. ನಮ್ಮ ಯುಟಿಆರ್ ಹಿಡಿದು ನೋಡಿದಾಗ ಗೊತ್ತಾಯಿತು: ಹಳೆಯ ಐಎಫ್‌ಎಸ್‌ಸಿಗೆ ಕಳಿಸಿದ ದುಡ್ಡು ವಾಪಸ್ ಹೋಗಿ ವಿಮೆ ಕಂಪನಿಯ ಹತ್ತಿರವೇ ಬಿದ್ದಿತ್ತು. ಅದನ್ನು ತಿಳಿಸಬೇಕು ಎಂದು ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಸರಿ, ಹೊಸ ವಿವರ ಕೊಡೋಣ ಎಂದರೆ ಇನ್ನೊಂದು ಗೋಳು. ಹೆಸರು ಮುದ್ರಿಸಿರುವ ರದ್ದಾದ ಚೆಕ್ ಕೊಡಿ, ಇಲ್ಲವೇ ಪಾಸ್‌ಬುಕ್ಕಿನ ಮೊದಲ ಪುಟ ಕೊಡಿ ಎಂದರು. ಹೊಸ ಚೆಕ್ ಪುಸ್ತಕ ಅಂಚೆಯಲ್ಲಿ ಬರಬೇಕು, ಬಂದಿಲ್ಲ. ಪಾಸ್‌ಬುಕ್ಕಿನ ಕಥೆ ಕೇಳಿ. ಮೊದಲ ಪುಟದಲ್ಲಿ ಹಳೆಯ ಸಂಖ್ಯೆಗೆ ನೀಲಿ ಪೆನ್ನಿನಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲೇ ಹೊಸ ಸಂಖ್ಯೆ ಗೀಚಿ, ಚಿಕ್ಕದೊಂದು ಸಹಿ ಹಾಕಿದ್ದರು. ಸೀಲೂ ಇಲ್ಲ. ಕೈಯಲ್ಲಿ ತಿದ್ದಿದ ಪುಟ ನಡೆಯಲ್ಲ ಎಂದು ವಿಮೆ ಕಚೇರಿಯವರು ವಾಪಸ್ ಕಳಿಸಿದರು. ತಿದ್ದಿದವರು ಬ್ಯಾಂಕಿನವರು, ಅನುಭವಿಸಿದವರು ಅಮ್ಮ!

ನಿಮಗೆ ಹೀಗಾಗುವ ಮೊದಲು ಶಾಖೆಗೆ ಹೋಗಿ ಒಂದು ಪತ್ರ ಬರೆಸಿಕೊಳ್ಳಿ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ನಿಮ್ಮ ಹೆಸರು, ಹಳೆಯ ಖಾತೆ ಸಂಖ್ಯೆ, ಹೊಸ ಖಾತೆ ಸಂಖ್ಯೆ, ಹಳೆಯ ಮತ್ತು ಹೊಸ ಐಎಫ್‌ಎಸ್‌ಸಿ, ಎರಡೂ ಒಂದೇ ಖಾತೆ ಎಂಬ ಒಂದು ಸಾಲು, ಕೆಳಗೆ ಸೀಲು, ಸಹಿ. ನಮ್ಮ ಕೆಲಸ ಕೊನೆಗೆ ಆಗಿದ್ದು ಇದರಿಂದಲೇ. "ಆ ಥರ ಪತ್ರ ಕೊಡಲ್ಲ" ಎಂದರೆ ಮ್ಯಾನೇಜರ್‌ಗೆ ಅರ್ಜಿ ಬರೆದು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಜೊತೆಗೆ ಹೊಸ ಪಾಸ್‌ಬುಕ್ಕನ್ನೂ ಮುದ್ರಿಸಿ ಕೊಡಿ ಎಂದು ಕೇಳಿ.

ಪತ್ರ ಕೈಗೆ ಬಂದ ಮೇಲೆ ಮೊದಲು ದುಡ್ಡು ಬರುವ ಕಡೆ ಸರಿಮಾಡಿ. ಸಂಬಳ ಕೊಡುವ ಕಚೇರಿ, ವಿಮೆ, ಫಂಡ್, ಡಿಮ್ಯಾಟ್. ಪಿಎಫ್‌ನ ಯುಎಎನ್ ಖಾತೆಯಲ್ಲಿ ಕೆವೈಸಿ ಭಾಗಕ್ಕೆ ಹೋಗಿ ಬ್ಯಾಂಕ್ ವಿವರ ಬದಲಿಸಬೇಕು. ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ My Bank Account ಎಂಬಲ್ಲಿ ಖಾತೆಯನ್ನು ಮತ್ತೆ ದೃಢೀಕರಿಸಬೇಕು. ರಿಫಂಡ್ ಆಗಲೇ ವಾಪಸ್ ಹೋಗಿದ್ದರೆ ಖಾತೆ ಸರಿಮಾಡಿದ ಮೇಲೆ Refund Reissue ಕೋರಿಕೆ ಹಾಕಬೇಕು, ತಾನಾಗಿ ಬರುತ್ತದೆ ಎಂದು ಸುಮ್ನೆ ಕಾಯಬೇಡಿ. ಆಧಾರ್ ಮೂಲಕ ಬರುವ ಸರ್ಕಾರಿ ಹಣದ ದಾರಿ ಬೇರೆ. ಅದು ಹೋಗುವುದು ಆಧಾರ್ ಜೋಡಣೆ ಆಗಿರುವ ಬ್ಯಾಂಕಿಗೆ. ಮೈಆಧಾರ್ ತಾಣದಲ್ಲಿ Bank Seeding Status ನೋಡಿದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ.

ಇನ್ನು ಚೆಕ್. ಚೆಕ್ಕಿನ ಕೆಳಗಿನ ಬಿಳಿ ಪಟ್ಟಿ ನೋಡಿ. ಮೊದಲು ಆರಂಕಿಯ ಚೆಕ್ ಸಂಖ್ಯೆ, ಆಮೇಲೆ ಒಂಬತ್ತಂಕಿಯ ಎಂಐಸಿಆರ್ ಕೋಡ್. ಅದರಲ್ಲಿ ಮೊದಲ ಮೂರು ಊರು, ನಡುವಿನ ಮೂರು ಬ್ಯಾಂಕ್, ಕೊನೆಯ ಮೂರು ಶಾಖೆ. ಬ್ಯಾಂಕ್ ಹೋದರೆ ನಡುವಿನದು, ಶಾಖೆ ಹೋದರೆ ಕೊನೆಯದು ಸುಳ್ಳಾಗುತ್ತದೆ. ಗಡುವು ಮುಗಿದ ಮೇಲೆ ಖಾತೆಯಲ್ಲಿ ಎಷ್ಟೇ ದುಡ್ಡಿದ್ದರೂ ಆ ಚೆಕ್ ವಾಪಸ್ ಬರುತ್ತದೆ. ನಮ್ಮ ಭಾವ ಮನೆ ಬಾಡಿಗೆಗೆ ಮುಂದಿನ ದಿನಾಂಕ ಹಾಕಿ ಕೊಟ್ಟಿದ್ದ ಚೆಕ್ ಹಾಗೇ ತಿರುಗಿ ಬಂತು. ಮನೆ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಖಾತೆಯಲ್ಲಿ ದುಡ್ಡು ಇಟ್ಟುಕೊಂಡ ಮನುಷ್ಯನಿಗೆ ಯಾಕೆ ಈ ಅವಮಾನ? ಸಾಲಕ್ಕೆ, ಬಾಡಿಗೆಗೆ, ಚೀಟಿಗೆ ಎಂದು ಮೊದಲೇ ಬರೆದುಕೊಟ್ಟ ಚೆಕ್‌ಗಳಿದ್ದರೆ ಹೊಸದು ಕೊಟ್ಟು ಹಳೆಯದನ್ನು ವಾಪಸ್ ಇಸ್ಕೊಳ್ಳಿ. ಕಂತು ತಾನಾಗಿ ಕಡಿತ ಆಗುತ್ತಿದ್ದರೆ ಸಾಲ ಕೊಟ್ಟವರಿಗೂ ಹೊಸ ಸಂಖ್ಯೆ ತಿಳಿಸಿ, ಮುಂದಿನ ಕಂತು ಕಡಿತ ಆಯಿತಾ ಎಂದು ಕಣ್ಣಿಟ್ಟು ನೋಡಿ.

ಬ್ಯಾಂಕಿನಿಂದ ಸೂಚನೆ ಬಂದಿರಲಿಲ್ಲವೇ ಎಂದು ಕೇಳಬಹುದು. ಬಂದಿತ್ತು, ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್. ಕನ್ನಡ ಮಾತ್ರ ಓದಬಲ್ಲ ಅಮ್ಮನಿಗೆ! ಪ್ರತಿ ಖಾತೆದಾರರಿಗೂ ಹಳೆಯ, ಹೊಸ ವಿವರ ಇರುವ ಒಂದು ಪತ್ರವನ್ನು ಕನ್ನಡದಲ್ಲಿ ಮುದ್ರಿಸಿ ಮನೆಗೆ ಕಳಿಸಲು ಇವರಿಗೆ ಏನು ಕಷ್ಟ? ಎಸ್ಸೆಮ್ಮೆಸ್ ಕಡಿತ ಎಂದು ಖಾತೆಯಿಂದ ದುಡ್ಡು ತೆಗೆದುಕೊಳ್ಳುವುದು ಮಾತ್ರ ತಪ್ಪಿಲ್ಲ.

ನಾನು ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ತೆಗೆದುಕೊಂಡಿದ್ದೇನೆ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ. ಅಮ್ಮನ ಓಡಾಟಕ್ಕೆ ಯಾರು ಜವಾಬ್ದಾರಿ ಎಂದು ಅವರು ಬರಹದಲ್ಲೇ ಹೇಳಲಿ. ಅಲ್ಲಿಯವರೆಗೆ ನಾನು ಬಿಡುವುದಿಲ್ಲ.